‘ಅದು ಬಂದ್ ಆಗ್ಯಾದ’ ಅಂದ್ರೆ ಯಾವುದು?

ಯಾದಗಿರಿ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ, ಅಂದರೆ ಪಿಎಚ್‌ಸಿಯಿಂದ, ಬುಧವಾರ ರಾತ್ರಿ 9:40ಕ್ಕೆ ತಾಲ್ಲೂಕಿನ ಗ್ರೂಪಿಗೆ ಬಂದ ಮೆಸೇಜ್:

“ಸರ್, ಅದು ಬಂದ್ ಆಗ್ಯಾದ. ಎಲ್ಲಾ ಅದರಾಗ ಇಟ್ಟೀನಿ. ನಾಳಿ ಅವರಿಗಿ ಕಳಸ್ರಿ.”

ಲಸಿಕೆ ಇಡುವ ಫ್ರಿಜ್ ಆದ ಐಎಲ್‌ಆರ್‌ನ ಫೋಟೊಗೆ ರಿಪ್ಲೈ ಆಗಿ ಬರೆದದ್ದು. ಹಾಗಾಗಿ ಗ್ರೂಪಿನಲ್ಲಿದ್ದ ನನಗೆ ಗೊಂದಲವೇ ಆಗಲಿಲ್ಲ. ಗುರುವಾರ ಬೆಳಿಗ್ಗೆ ಹಾಗೇ ಜಿಲ್ಲೆಗೆ ಫಾರ್ವರ್ಡ್ ಮಾಡಿದೆ. ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಆದಾಗ ರಿಪ್ಲೈಗೆ ಅಂಟಿದ್ದ ಫೋಟೊ ಉದುರಿ ಹೋಗುತ್ತದೆ. ಬರೆದವರು ಯಾರು, ಯಾವಾಗ ಬರೆದರು ಅನ್ನುವುದೂ ಹೋಗುತ್ತದೆ.

ಸ್ವಲ್ಪ ಹೊತ್ತಿಗೆ ಟೆಕ್ನಿಷಿಯನ್ ಫೋನ್ ಬಂತು. “ಯಾವುದು ಬಂದ್ ಆಗ್ಯಾದ್ರಿ, ಐಎಲ್‌ಆರೋ ಡೀಪ್ ಫ್ರೀಜರೋ? ಲಸಿಕಿ ಯಾವುದ್ರಾಗ ಇಟ್ಟಾರ?” ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ‘ಅದರಾಗ’ ಎಂದರೆ ಡೀಪ್ ಫ್ರೀಜರ್ ಆಗಿದ್ದರೆ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿ ಕೆಟ್ಟಿರುತ್ತದೆ. ಲಸಿಕೆ ಸೀಸೆಯ ಮೇಲಿನ ಬಣ್ಣ ಬದಲಿಸುವ ಗುರುತು ವಿವಿಎಂ ನೋಡಿದರೂ ತಿಳಿಯದು. ಅದು ಶಾಖ ತಗುಲಿದ್ದನ್ನು ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನಲ್ಲ. ಪಿಎಚ್‌ಸಿಯವರ ಫೋನ್ ಹತ್ತಲಿಲ್ಲ. ಇಪ್ಪತ್ತು ನಿಮಿಷ ಮತ್ತೆ ಮತ್ತೆ ಹಚ್ಚಿದೆ. ಕಡೆಗೆ ಸಿಕ್ಕರು: ಲಸಿಕೆ ಕೋಲ್ಡ್ ಬಾಕ್ಸ್‌ನಲ್ಲಿ ಭದ್ರವಾಗಿತ್ತು.

ಆ ಮೆಸೇಜ್ ಹೀಗೆ ಹೋಗಬೇಕಿತ್ತು:

“ಇಂಥ ಊರಿನ ಪಿಎಚ್‌ಸಿ ಫಾರ್ಮಾಸಿಸ್ಟ್ ಬುಧವಾರ ರಾತ್ರಿ 9:40ಕ್ಕೆ ತಿಳಿಸಿದ್ದು: ಐಎಲ್‌ಆರ್ ಬಂದ್ ಆಗಿದೆ. ಡೀಪ್ ಫ್ರೀಜರ್ ನಡೆಯುತ್ತಿದೆ. ಲಸಿಕೆಯೆಲ್ಲ ಕಂಡೀಷನ್ ಮಾಡಿದ ಐಸ್‌ಪ್ಯಾಕ್ ಹಾಕಿ ಕೋಲ್ಡ್ ಬಾಕ್ಸ್‌ನಲ್ಲಿದೆ, 9:30ಕ್ಕೆ 6 ಡಿಗ್ರಿ. ಗುರುವಾರ ಬೆಳಿಗ್ಗೆಯೇ ಟೆಕ್ನಿಷಿಯನ್ ಪಿಎಚ್‌ಸಿಗೆ ಬರಬೇಕು.”

ಮೂಲದಲ್ಲಿ ‘ಅದು’ ಎರಡು ಸಲ ಬಂದಿದೆ, ಎರಡೂ ಬೇರೆ ಬೇರೆ ವಸ್ತು. ‘ನಾಳಿ’ ಗುರುವಾರ ಓದುವವರಿಗೆ ಶುಕ್ರವಾರ. ‘ಇಟ್ಟೀನಿ’ ಎಂಬಲ್ಲಿ ಇಟ್ಟವರು ಫಾರ್ಮಾಸಿಸ್ಟ್, ಆದರೆ ನನ್ನ ನಂಬರಿನಿಂದ ಹೋದಾಗ ಇಟ್ಟವನು ನಾನಾದೆ. ನಮ್ಮ ಕಡೆ ಮಾತಿನ ‘ಅವರಿಗಿ ಕಳಸ್ರಿ’ ಇನ್ನೂ ತೊಡಕು: ಅವರನ್ನು ಇಲ್ಲಿಗೆ ಕಳಿಸಿ ಎಂದೂ ಆಗುತ್ತದೆ, ಅವರಿಗೆ ಏನನ್ನೋ ಕಳಿಸಿಕೊಡಿ ಎಂದೂ ಆಗುತ್ತದೆ. ಲಸಿಕೆಯನ್ನೇ ಬೇರೆ ಪಿಎಚ್‌ಸಿಗೆ ಕಳಿಸಬೇಕೇನೋ ಎಂದು ಜಿಲ್ಲೆಯಲ್ಲಿ ಒಬ್ಬರು ಗಾಡಿ ಹುಡುಕುತ್ತಿದ್ದರು.

ತಿದ್ದುವಾಗ ಒಂದು ಎಚ್ಚರ ಬೇಕು. ‘ಅದು’ ಯಾವುದೆಂದು ಖಾತ್ರಿ ಇಲ್ಲದಿದ್ದರೆ ಊಹಿಸಿ ಹೆಸರು ತುಂಬಬಾರದು. ಬರೆದವರಿಗೆ ಫೋನ್ ಮಾಡಬೇಕು. ಸಿಗದಿದ್ದರೆ “ಲಸಿಕೆ ಎಲ್ಲಿದೆ ಎಂದು ತಿಳಿದಿಲ್ಲ, ಕೇಳುತ್ತಿದ್ದೇನೆ” ಎಂದೇ ಬರೆದು ಕಳಿಸಬೇಕು. ಅಷ್ಟು ಓದಿದ್ದರೂ ಟೆಕ್ನಿಷಿಯನ್ ಆಗಲೇ ಹೊರಟಿರುತ್ತಿದ್ದರು.