ಎಕ್ಸಿಬಿಟ್ 6 ಮತ್ತು ನನ್ನ 13 ಮಾರ್ಕ್ಸ್

ಮ್ಯಾಗಜೀನ್‌ಗೆ ಏನಾದ್ರೂ ಬರೆದುಕೊಡಿ ಅಂದಾಗ ಮೊದಲು ನೆನಪಾದದ್ದು ಒಂದು ಉತ್ತರ ಪತ್ರಿಕೆ. ಎರಡನೇ ವರ್ಷದ ಸ್ಟ್ರಾಟಜಿ ಪರೀಕ್ಷೆಯದ್ದು, ಇನ್ನೂ ನನ್ನ ಹತ್ತಿರ ಇದೆ. ಒಂದೇ ಕೇಸ್, 20 ಮಾರ್ಕ್ಸ್: ಬಟ್ಟೆ ಅಂಗಡಿಗಳ ಒಂದು ಚೈನ್ ನಷ್ಟದಲ್ಲಿದೆ, ಏನು ಮಾಡಬೇಕು ಹೇಳಿ. ಊಹೆಯ ಕಂಪನಿ, ಸರ್ ಅವರೇ ಕೂತು ಬರೆದದ್ದು.

ಮೊದಲ ಹತ್ತು ನಿಮಿಷ ನಾನು ಎಲ್ಲರ ಹಾಗೆ ಬಲ, ದೌರ್ಬಲ್ಯ, ಅವಕಾಶ, ಅಪಾಯ ಅಂತ ನಾಲ್ಕು ಮನೆಯ ಸ್ವಾಟ್ ಚೌಕ ಎಳೆಯುತ್ತಾ ಕೂತಿದ್ದೆ. 'ಬ್ರ್ಯಾಂಡ್ ಹೆಸರು ಚೆನ್ನಾಗಿದೆ', 'ಪೈಪೋಟಿ ಜಾಸ್ತಿ'. ಇದನ್ನು ಕೇಸ್ ಓದದೆಯೂ ಬರೆಯಬಹುದು, ಅಲ್ವಾ? ನನಗೇ ನಾಚಿಕೆಯಾಗಿ ಅಡ್ಡಗೀಟು ಹೊಡೆದು ಲಾಭದ ಮರ ಬರೆಯಲು ಶುರು ಮಾಡಿದೆ. ಲಾಭ ಅಂದರೆ ಮಾರಾಟದಲ್ಲಿ ಮಾಲಿನ ಅಸಲು ಹೋಗಿ ಉಳಿಯುವ ಮಾರ್ಜಿನ್, ಅದರಲ್ಲಿ ಖರ್ಚು ಕಳೆಯಬೇಕು. ಮಾರಾಟ ಅಂದರೆ ಎಷ್ಟು ಅಂಗಡಿ, ಒಂದೊಂದಕ್ಕೆ ಎಷ್ಟು ಜನ ಬಂದರು, ಬಂದವರಲ್ಲಿ ಎಷ್ಟು ಜನ ಕೊಂಡರು, ಒಂದು ಬಿಲ್ ಎಷ್ಟರದ್ದು, ಈ ನಾಲ್ಕರ ಗುಣಾಕಾರ. ಕೊಂಬೆಗಳು ಒಂದರ ಮೇಲೊಂದು ಬೀಳಬಾರದು, ನಡುವೆ ಸಂದೂ ಉಳಿಯಬಾರದು ಅಂತ ಸರ್ ವರ್ಷವೆಲ್ಲ ಹೇಳಿದ್ದರು.

ಕೇಸಿನ ಮೊದಲ ಪುಟದಲ್ಲೇ ಒಂದು ಬಲೆ ಇತ್ತು. ಎರಡು ವರ್ಷದಲ್ಲಿ ಮಾರಾಟ ಶೇ. 10 ಏರಿದೆ. ಆದರೆ ಅಂಗಡಿಗಳು 40 ಇದ್ದದ್ದು 50 ಆಗಿವೆ. ಹಿಂದಿನ ಮಾರಾಟ 400 ಅಂತ ಇಟ್ಟುಕೊಂಡರೆ ಈಗ 440, ಅದರಲ್ಲಿ ಹೊಸ ಹತ್ತು ಅಂಗಡಿಗಳದ್ದೇ 100. ಹಳೆಯ ನಲವತ್ತರ ಮಾರಾಟ 340ಕ್ಕೆ ಇಳಿದಿತ್ತು, ಶೇ. 15 ಕುಸಿತ. ಹೊಸ ಅಂಗಡಿಗಳು ಹಳೆಯವುಗಳ ಗಿರಾಕಿಯನ್ನು ಎಳೆದುಕೊಂಡವೇನೋ ಅಂದುಕೊಂಡೆ. ಹಾಗಾಗಿದ್ದರೆ ಹಳೆಯ ಅಂಗಡಿಗೆ ಬರುವವರ ಸಂಖ್ಯೆ ಕಡಿಮೆಯಾಗಬೇಕಿತ್ತು. ಬಾಗಿಲಲ್ಲಿ ಬಂದವರನ್ನು ಎಣಿಸುವ ಕೌಂಟರ್‌ನ ಲೆಕ್ಕ ನೋಡಿದೆ, ಕಡಿಮೆಯಾಗಿರಲಿಲ್ಲ. (ಅಂಥ ಕೌಂಟರ್ ಎಷ್ಟೋ ಕಡೆ ಒಳಗೆ ಹೊರಗೆ ಓಡಾಡುವ ಸಿಬ್ಬಂದಿಯನ್ನೂ ಎಣಿಸುತ್ತದೆ ಅನ್ನೋದು ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು, ಅದು ಬೇರೆ ಮಾತು.) ಬಿಲ್ಲಿನ ಸರಾಸರಿಯೂ ಹಾಗೇ ಇತ್ತು. ಬದಲಾದದ್ದು ಒಂದೇ: ಮೊದಲು ನೂರು ಜನ ಬಂದರೆ 40 ಜನ ಕೊಳ್ಳುತ್ತಿದ್ದರು, ಈಗ 34.

ಬಂದವರು ಯಾಕೆ ಬರಿಗೈಲಿ ಹೋಗ್ತಿದ್ದಾರೆ? ಉತ್ತರ ಕೇಸಿನ ಕೊನೆಯ ಪುಟದಲ್ಲಿ ಎಕ್ಸಿಬಿಟ್ 6 ಅನ್ನೋ ಅಂಕಿಅಂಶದ ಕೋಷ್ಟಕದಲ್ಲಿತ್ತು. ಸ್ಟಾಕ್ 60 ದಿನದ ಮಾರಾಟಕ್ಕಾಗುವಷ್ಟು ಇದ್ದದ್ದು 90 ದಿನಕ್ಕೆ ಏರಿತ್ತು. ಅಷ್ಟು ಮಾಲು ತುಂಬಿದ್ದರೂ ಅಂಗಡಿಯಲ್ಲಿ ಬೇಕಾದ್ದು ಸಿಗುತ್ತಿರಲಿಲ್ಲ. ಸೈಜ್ ಪ್ರಕಾರ ನೋಡಿದರೆ ಜಾಸ್ತಿ ಹೋಗುವ ಮೀಡಿಯಂ, ಲಾರ್ಜ್ ಖಾಲಿ, ಉಳಿದದ್ದೆಲ್ಲ ತೀರಾ ಚಿಕ್ಕದು ತೀರಾ ದೊಡ್ಡದು. ದುಡ್ಡು ಹೋಗದ ಮಾಲಿನಲ್ಲಿ ಸಿಕ್ಕಿಕೊಂಡಿದೆ, ಹೋಗುವ ಮಾಲು ತರಿಸೋಕೆ ಕೈಯಲ್ಲಿ ದುಡ್ಡಿಲ್ಲ. ಒಂದು ಅಂಗಡಿಯಲ್ಲಿ ಕೊರತೆಯಾದ ಸೈಜ್ ಇನ್ನೊಂದರಲ್ಲಿ ಸುಮ್ನೆ ಬಿದ್ದಿರುತ್ತದೆ, ಅದನ್ನು ಸಾಗಿಸುವ ವ್ಯವಸ್ಥೆಯೇ ಇಲ್ಲ.

ಇಷ್ಟಾದ ಮೇಲೆ ಎಲ್ಲಾ ಮಾಲಿಗೂ ಶೇ. 10 ಡಿಸ್ಕೌಂಟ್ ಕೊಡಿ ಅನ್ನುವ ಮ್ಯಾನೇಜರ್‌ನ ಸಲಹೆಯನ್ನು ತಳ್ಳಿಹಾಕುವುದು ಸುಲಭವಾಯಿತು. ಮಾರ್ಜಿನ್ ನೂರಕ್ಕೆ 25 ಇತ್ತು. ಹತ್ತು ಬಿಟ್ಟರೆ ಉಳಿಯೋದು 15, ಮೊದಲಿನಷ್ಟೇ ಮಾರ್ಜಿನ್ ಗಳಿಸಲು ಸುಮಾರು ಶೇ. 67 ಜಾಸ್ತಿ ಮಾಲು ಮಾರಬೇಕು. ಅದೂ ಶೆಲ್ಫ್‌ನಲ್ಲಿ ಮೀಡಿಯಂ ಇಲ್ಲದಿರುವಾಗ! ನಿಂತುಹೋದ ಮಾಲಿಗೆ ಮಾತ್ರ ದರ ಇಳಿಸಿ, ಬಂದ ದುಡ್ಡಲ್ಲಿ ಓಡುವ ಸೈಜ್ ತುಂಬಿಸಿ, ಅಂಗಡಿಯಿಂದ ಅಂಗಡಿಗೆ ವಾರಕ್ಕೊಮ್ಮೆ ಮಾಲು ಸಾಗಿಸಿ ಅಂತ ಬರೆದೆ. ಇಲ್ಲಿವರೆಗೆ ಪೇಪರಿನ ಅಂಚಿನಲ್ಲಿ ಸರ್ ಬರೀ ಟಿಕ್ ಹಾಕಿದ್ದಾರೆ.

ಆಮೇಲೆ ಟೈಮ್ ಕಡಿಮೆಯಿತ್ತು. ಖರ್ಚಿನ ಕೊಂಬೆಗೆ ಹದಿನೈದು ನಿಮಿಷ ಉಳಿದಿತ್ತು. ಪಟ್ಟಿಯಲ್ಲಿ 12 ಅಂಗಡಿಗಳು ನಷ್ಟ ಅಂತಿತ್ತು, ಹನ್ನೆರಡನ್ನೂ ಮುಚ್ಚಿ ಅಂತ ಗೀಚಿ ಪೇಪರ್ ಕೊಟ್ಟುಬಂದೆ. 13 ಬಂತು. ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ, 'ಹೆಡ್ ಆಫೀಸ್ ಖರ್ಚು ಯಾರ ತಲೆ ಮೇಲೆ?'

ಅರ್ಥವಾಗದೆ ಸ್ಟಾಫ್ ರೂಮಿಗೆ ಹೋದೆ. ಸರ್ ಅದೇ ಪಟ್ಟಿಯಲ್ಲಿ ಒಂದು ಕಾಲಂ ಮೇಲೆ ಬೆರಳಿಟ್ಟು ಮುಚ್ಚಿದರು. "ಈಗ ಓದು." ಹೆಡ್ ಆಫೀಸ್ ಖರ್ಚನ್ನು ಪ್ರತಿ ಅಂಗಡಿಗೂ ಹಂಚಿದ್ದ ಕಾಲಂ ಅದು. ಅದನ್ನು ಬಿಟ್ಟರೆ ಹನ್ನೆರಡರಲ್ಲಿ ಒಂಬತ್ತು ಅಂಗಡಿಗಳು ತಮ್ಮ ಬಾಡಿಗೆ, ಸಂಬಳ, ಕರೆಂಟ್ ಎಲ್ಲಾ ಕಟ್ಟಿ ಸ್ವಲ್ಪ ಉಳಿಸುತ್ತಿದ್ದವು. ಅವನ್ನು ಮುಚ್ಚಿದರೆ ಆ ಉಳಿಕೆ ಹೋಗುತ್ತದೆ, ಹೆಡ್ ಆಫೀಸ್ ಖರ್ಚು ಹೋಗಲ್ಲ, ಉಳಿದ ಅಂಗಡಿಗಳ ಮೇಲೆ ಬೀಳುತ್ತದೆ. ಆಗ ಇನ್ನೊಂದಷ್ಟು ಅಂಗಡಿಗಳು 'ನಷ್ಟ'ದ ಪಟ್ಟಿಗೆ ಬರುತ್ತವೆ.

"ಹಾಗಾದ್ರೆ ಆ ಮೂರನ್ನು ಮುಚ್ಚಬಹುದಲ್ವಾ ಸರ್?" ಅಂದೆ.

"ಬಾಡಿಗೆ ಕರಾರು ಎಷ್ಟು ವರ್ಷ ಬಾಕಿ ಇದೆ, ನೋಡಿದ್ಯಾ?" ಅಂದರು. ನೋಡಿರಲಿಲ್ಲ. ಅದು ಎಕ್ಸಿಬಿಟ್ 7ರಲ್ಲಿತ್ತು.