ಡೈರೆಕ್ಟರ್ ಸಾಹೇಬರ ಅಕ್ಕನ ಮಗ

ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ತೊಗರಿ ಖರೀದಿ ನೋಡಿಕೊಳ್ಳುತ್ತೇನೆ. ನನ್ನ ಕೈಕೆಳಗೆ ಹೊಸದಾಗಿ ಬಂದ ಹುಡುಗ ಡೈರೆಕ್ಟರ್ ಸಾಹೇಬರ ಅಕ್ಕನ ಮಗ. ತೇವಾಂಶ 12% ದಾಟಿದ ಮಾಲು ಇಳಿಸಬೇಡ ಅಂದರೆ "ಮಾಮಾಗ ಹೇಳ್ತೀನಿ ಬಿಡ್ರಿ ಸರ್" ಅಂತಾನೆ. ಮೀಟರ್ ಹಚ್ಚದೇ ಲಾರಿ ಖಾಲಿ ಮಾಡಿಸುತ್ತಾನೆ.

ಅವನ ಸಂಬಂಧದ ಮಾತು ನಾನು ಎಲ್ಲೂ ಎತ್ತಲಿಲ್ಲ. ಎತ್ತಿದರೆ ಜಗಳ ಮನೆತನದ ಮೇಲೆ ಹೋಗುತ್ತದೆ, ಹಸಿ ತೊಗರಿ ಎಲ್ಲರಿಗೂ ಮರೆತೇ ಹೋಗುತ್ತದೆ, ಅಲ್ವಾ? ಬಾಯಿಮಾತು ಬಿಟ್ಟು, ಇಡೀ ಟೀಮಿಗೆ ಒಂದೇ ನಿಯಮ ಅಂತ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಾಕಿದೆ: ಲಾರಿಯ ಮೇಲಿನ, ನಡುವಿನ, ತಳದ ಚೀಲಗಳಿಂದ ಸ್ಯಾಂಪಲ್ ತೆಗೆಯಬೇಕು, ರೀಡಿಂಗ್ ರಿಜಿಸ್ಟರಿಗೆ ಬರೆಯಬೇಕು, ಇಳಿಸಿದವರು ಸಹಿ ಹಾಕಬೇಕು.

ಸ್ವಲ್ಪ ದಿನಕ್ಕೆ ಅವನ ಸಹಿ ಇದ್ದ ಲಾಟ್ ಮರುಪರೀಕ್ಷೆಯಲ್ಲಿ 14% ಬಂತು. ಒಬ್ಬನೇ ಇದ್ದಾಗ ಕರೆದು ರಿಜಿಸ್ಟರ್ ತೋರಿಸಿದೆ. ಆಮೇಲೆ ನನ್ನ ಮ್ಯಾನೇಜರಿಗೆ ಲಾಟ್ ನಂಬರ್, ತಾರೀಖು, ಎರಡೂ ರೀಡಿಂಗ್ ಇಷ್ಟೇ ಮೇಲ್ ಮಾಡಿದೆ. ಸೀದಾ ಡೈರೆಕ್ಟರ್ ಹತ್ತಿರ ಹೋಗಿದ್ದರೆ ಮ್ಯಾನೇಜರೂ ನನ್ನ ಕಡೆ ಇರುತ್ತಿರಲಿಲ್ಲ.

ಅವನನ್ನು ತೆಗೆಯುವುದು, ಇಟ್ಟುಕೊಳ್ಳುವುದು ನನ್ನ ಕೈಯಲ್ಲಿಲ್ಲ. ಆದರೆ ಅವನು ಇಳಿಸಿದ ಮಾಲಿಗೆ ನನ್ನ ಬೇರೆ ಹುಡುಗರು ಬೈಸಿಕೊಳ್ಳುವುದನ್ನು ನಾನು ಸುಮ್ನೆ ನೋಡುವುದಿಲ್ಲ.