ಬಿಚ್ಚಾಕ ಬಗ್ಗಸೂದು

ಈ ವಾರ ನಮ್ಮ ಸೋದರಮಾವ ಹಾವೇರಿಯಿಂದ ಬಂದಿದ್ದ. ಬರಿಗೈಲೆ ಬರುವ ಮನುಷ್ಯ ಅಲ್ಲ. ಒಂದು ಡಜನ್ ಬಾಳೆಹಣ್ಣು, ಒಂದು ಬಾಟಲಿ ಎಣ್ಣೆ, ಮತ್ತೊಂದು ಹಳದಿ ರಬ್ಬರ್ ಚೆಂಡು. ಲಕ್ವಾ ಹೊಡೆದವರಿಗೆ ಚೆಂಡು ಹಿಂಡಿಸಬೇಕು ಅನ್ನುವುದು ಅವನಿಗೆ ಗೊತ್ತಿರುವ ಏಕೈಕ ವೈದ್ಯಶಾಸ್ತ್ರ. ಲಕ್ವಾಕ್ಕೆ ಪಾರಿವಾಳದ ರಕ್ತ ಹಚ್ಚುವ ವಿಷಯ ಹೋದ ಸಲವೇ ಹೇಳಿ ಬೈಸಿಕೊಂಡಿದ್ದರಿಂದ ಈ ಸಲ ಎತ್ತಲಿಲ್ಲ.

ಲಕ್ವಾ ಹೊಡೆದ ಮೇಲೆ ಅವ್ವನ ಎಡಗೈ ಮುಷ್ಟಿ ಕಟ್ಟಿಕೊಂಡೇ ಇರುತ್ತದೆ. ಹೆಬ್ಬೆರಳು ಒಳಗೆ, ನಾಲ್ಕು ಬೆರಳು ಅದರ ಮೇಲೆ. ಮಾವ ಪಕ್ಕದಲ್ಲಿ ಕುಂತು, "ಅಕ್ಕಾ, ಕೈ ಬಿಚ್ಚ ನೋಡೂಣು" ಅಂದ. ಅವಳು ಬಿಚ್ಚುವ ಮೊದಲೇ ನಾಲ್ಕೂ ಬೆರಳ ತುದಿ ಹಿಡಿದು ಜಗ್ಗಿದ. ಅವ್ವ ಚೀರಿದಳು. ಬೆರಳು ಬಿಚ್ಚುವುದಿರಲಿ, ಮೊಣಕೈ ಮಡಚಿ ಇಡೀ ಕೈ ಎದೆಗೆ ಹೋಗಿ ಅಂಟಿಕೊಂಡಿತು. "ಭಾಳ ಬಿಗಿ ಅದ ಬಿಡ್ರಿ, ಇನ್ನೂ ಜೋರ್ ಹಾಕಬೇಕು" ಅಂತ ತೀರ್ಪು ಕೊಟ್ಟ. ಮನಸ್ಸು ಬೆಣ್ಣೆಯಂಥದು, ಕೈ ಮಾತ್ರ ಕಬ್ಬಿಣ.

ಅದೃಷ್ಟಕ್ಕೆ ಆ ಹೊತ್ತಿಗೆ ಫಿಸಿಯೋಥೆರಪಿ ಹುಡುಗಿ ಬಂದಳು. ವಯಸ್ಸು ಇಪ್ಪತ್ತೈದಿರಬಹುದು, ಮಾತು ಕಡಿಮೆ. ಅವ್ವನ ಮುಂಗೈಯನ್ನು ತೊಡೆ ಮೇಲಿನ ದಿಂಬಿನ ಮೇಲೆ ಇಡಿಸಿ, ಮಾವನಿಗೇ ಹೇಳಿದಳು: "ಬೆರಳು ಜಗ್ಗಬ್ಯಾಡ್ರಿ. ಮಣಿಕಟ್ಟು ಕೆಳಗ ಬಗ್ಗಸ್ರಿ."

"ಮತ್ತೂ ಬಗ್ಗಸೂದ? ನಾವು ಬಿಚ್ಚಬೇಕಲ್ಲವಾ?"

"ಹೌದ್ರಿ. ಬಿಚ್ಚಾಕ ಬಗ್ಗಸೂದು."

ಆ ಎರಡು ಶಬ್ದ ಅಂದಿನಿಂದ ನನ್ನ ತಲೆಯೊಳಗೆ ತಿರುಗುತ್ತಿವೆ. ನಂಬಿಕೆ ಬರದಿದ್ದರೆ ನಿಮ್ಮ ಕೈಯಲ್ಲೇ ನೋಡಿ. ಮೆತ್ತಗೆ ಮುಷ್ಟಿ ಕಟ್ಟಿ, ಇನ್ನೊಂದು ಕೈಯಿಂದ ಆ ಮಣಿಕಟ್ಟನ್ನು ಅಂಗೈ ಕಡೆಗೆ ಒತ್ತಿ ಬಗ್ಗಿಸಿ. ಬೆರಳುಗಳು ತಾವೇ ಸಡಿಲಾಗುತ್ತವೆ. ಬೆರಳು ಮಡಚುವ ಸ್ನಾಯುಗಳು ಇರುವುದು ಅಂಗೈಯಲ್ಲಲ್ಲ, ಮುಂಗೈಯಲ್ಲಿ, ಮೊಣಕೈ ಹತ್ತಿರದಿಂದ ಶುರುವಾಗಿ. ಅವುಗಳ ಹುರಿಯಂಥ ತುದಿಗಳು ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ. ಮಣಿಕಟ್ಟು ಒಳಕ್ಕೆ ಬಗ್ಗಿದರೆ ಬಾವಿಯ ಹಗ್ಗ ಸಡಿಲ ಬಿಟ್ಟಂತೆ, ಬೆರಳು ಹಿಡಿದಿದ್ದ ಎಳೆತ ಇಳಿಯುತ್ತದೆ. ಆಗ ಬಿಚ್ಚಲು ಬಲ ಬೇಕಿಲ್ಲ.

ಅವಳು ಮಾಡಿದ್ದು ಇಷ್ಟು. ಮಣಿಕಟ್ಟು ಬಗ್ಗಿಸಿ, ಹೆಬ್ಬೆರಳನ್ನು ತುದಿಯಲ್ಲಿ ಅಲ್ಲ, ಬುಡದ ಉಬ್ಬಿನಲ್ಲಿ ಹಿಡಿದು ನಿಧಾನಕ್ಕೆ ಹೊರಗೆ ತಂದಳು. ಉಳಿದ ಬೆರಳುಗಳು ಅದರ ಹಿಂದೆಯೇ ಬಿಟ್ಟುಕೊಂಡವು. ತನ್ನ ಅಂಗೈಯನ್ನು ಅವ್ವನ ಅಂಗೈಗೆ ಹಚ್ಚಿ ಬೆರಳು ನೆಟ್ಟಗೆ ಉಳಿಯುವಂತೆ ಹಿಡಿದು, ಆಮೇಲೆ ಮಣಿಕಟ್ಟನ್ನು ಮೇಲಕ್ಕೆ ತರಲು ಶುರು ಮಾಡಿದಳು. ಎಲ್ಲಿ ಬಿಗಿ ತಾಗಿತೋ ಅಲ್ಲೇ ನಿಂತಳು. ಒಂದರಿಂದ ಮೂವತ್ತರವರೆಗೆ ಸಾವಕಾಶ ಎಣಿಸಿದಳು. ಅಷ್ಟರೊಳಗೆ ಆ ಬಿಗಿ ತುಸು ಇಳಿದು, ಕೈ ಇನ್ನೊಂದಿಷ್ಟು ಬಂತು. ಅವ್ವ ಚೀರಲಿಲ್ಲ, ಟಿವಿ ನೋಡುತ್ತಿದ್ದಳು.

ಜಗ್ಗಿದರೆ ಯಾಕೆ ಬಿಗಿಯಾಗುತ್ತದೆ ಅಂತ ಮಾವ ಕೇಳಿದ. ಯಾರದೇ ಸ್ನಾಯುವನ್ನು ಥಟ್ಟನೆ ಎಳೆದರೂ ಅದು ತಿರುಗಿ ಕುಗ್ಗಲು ನೋಡುತ್ತದೆ. ಆರೋಗ್ಯದಲ್ಲಿ ಮಿದುಳು ಅದಕ್ಕೆ ಕಡಿವಾಣ ಹಾಕಿರುತ್ತದೆ, ಲಕ್ವಾದ ನಂತರ ಆ ಕಡಿವಾಣ ಸಡಿಲಾಗಿರುತ್ತದೆ. ಹಾಗಾಗಿ ಎಷ್ಟು ಬೇಗ ಎಳೆದರೆ ಅಷ್ಟು ಬಲವಾಗಿ ಅದು ಎದುರು ಎಳೆಯುತ್ತದೆ. ಜೋರು ಹಾಕಿ ಬೆರಳ ತುದಿ ಹಿಂದಕ್ಕೆ ಬಾಗಿಸಿದರೆ ಸ್ನಾಯು ಹಿಗ್ಗುವ ಬದಲು ಗೆಣ್ಣು ಸಡಿಲವಾಗುತ್ತದೆ, ಅಷ್ಟೆ.

ಚೆಂಡಿನ ಗತಿ? "ಹಿಂಡೂದು ಅವರಿಗೆ ಮೊದಲೇ ಬರ್ತದ್ರಿ. ಬಿಡೂದು ಬರೂದಿಲ್ಲ" ಅಂದಳು. ಮುಚ್ಚಿಕೊಂಡಿರುವ ಕೈಗೆ ಮುಚ್ಚುವುದನ್ನೇ ಕಲಿಸುವುದು ಯಾವ ನ್ಯಾಯ! ಬೆರಳು ಒಂಚೂರೂ ಹಿಡಿಯದೆ ಜೋತುಬಿದ್ದ ಕೈಯ ಮಾತು ಬೇರೆ. ನೋಡಲು ಬಂದವರೆಲ್ಲ ಇಷ್ಟು ದಿನ ಅವ್ವನಿಗೆ ಕೇಳಿದ್ದು ಒಂದೇ: "ನನ್ನ ಕೈ ಬಿಗಿ ಹಿಡೀರಿ ನೋಡೂಣು." ಹಿಡಿದರೆ ಚಪ್ಪಾಳೆ. ಬಿಡಿಸಿಕೊಳ್ಳಲು ತಾವೇ ಒದ್ದಾಡಿದ್ದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಒಮ್ಮೆ ಅವ್ವ ಆಕಳಿಸಿದಾಗ ಎಡಗೈ ತಾನೇ ಮೇಲೆದ್ದಿತು. ಓಣಿಗೆಲ್ಲ ಪೇಡೆ ಹಂಚುವಷ್ಟು ಸಂಭ್ರಮ. ಅದು ಅವಳು ಎತ್ತಿದ್ದಲ್ಲ, ಆಕಳಿಕೆಯ ಜೊತೆ ಹಾಗೆ ಏಳುವುದು ಲಕ್ವಾ ಆದ ಕೆಲವರಲ್ಲಿ ಇರುವುದೇ ಅಂತ ಈ ಹುಡುಗಿ ಹೇಳಿದ ದಿನ, ನಮ್ಮ ಅತ್ತಿಗೆ ಅವಳ ಮೇಲೆ ಮುನಿಸಿಕೊಂಡರು. ರೋಗಿಗಿಂತ ನೋಡುವವರಿಗೇ ಸುಧಾರಣೆ ಬೇಗ ಬೇಕಾಗಿರುತ್ತದೆ.

ಈಗ ದಿನಾ ಮುಂಜಾನೆ, ಸಂಜೆ ಈ ಕೆಲಸ ನನ್ನದು. ಕೈ ಬಿಚ್ಚಿದ ಕೂಡಲೇ ಅಂಗೈ ತೊಳೆಯುತ್ತೇನೆ. ದಿನವಿಡೀ ಮುಚ್ಚಿದ ಅಂಗೈ ಬೆವರಿ, ಚರ್ಮ ಬೆಳ್ಳಗಾಗಿ ವಾಸನೆ ಬರುತ್ತದೆ, ಉಗುರು ಬೆಳೆದರೆ ಒಳಗೇ ಗಾಯ ಮಾಡುತ್ತದೆ. ನೀರು ಉಗುರುಬೆಚ್ಚಗಿರಬೇಕು, ಅದನ್ನು ನೋಡಬೇಕಾದ್ದು ನಮ್ಮ ಕೈ. ಅವಳ ಆ ಕೈಗೆ ಸುಡುವುದೂ ಸರಿಯಾಗಿ ಗೊತ್ತಾಗುವುದಿಲ್ಲ. ಬೆರಳ ಸಂದುಗಳನ್ನು ಒರೆಸಿ ಒಣಗಿಸಿದ ಮೇಲೆ ಅಸಲಿ ಕೆಲಸ. ಹಿಗ್ಗಿಸಿದ ಮಾತ್ರಕ್ಕೆ ಚಲನೆ ವಾಪಸ್ ಬರುವುದಿಲ್ಲ. ಅದರಿಂದ ಕೈ ಒಂದಿಷ್ಟು ಹೊತ್ತು ಸಡಿಲಾಗುತ್ತದೆ, ಆ ಸಡಿಲು ಇರುವಾಗಲೇ ಅವಳು ತಾನೇ ಪ್ರಯತ್ನ ಮಾಡಬೇಕು. ಟೇಬಲ್ ಮೇಲೆ ಟವೆಲ್ ಹಾಸಿ, ಎಡಗೈ ಅದರ ಮೇಲೆ ಹರಡಿ, ಅದರ ಮೇಲೆ ಬಲಗೈ ಇಟ್ಟು, ಟೇಬಲ್ ಒರೆಸಿದಂತೆ ಮುಂದಕ್ಕೆ ತಳ್ಳುತ್ತಾಳೆ, ಹಿಂದಕ್ಕೆ ತರುತ್ತಾಳೆ. ಆಮೇಲೆ ಸ್ಟೀಲ್ ಲೋಟ ಎಡಗೈಗೆ ಕೊಟ್ಟು "ಬಿಡು ಅವ್ವಾ" ಅನ್ನುತ್ತೇನೆ. ಉಸಿರು ಹಿಡಿದು ಹಲ್ಲು ಕಚ್ಚಿದರೆ ಮುಷ್ಟಿ ಇನ್ನೂ ಗಟ್ಟಿ. "ಉಸಿರು ಬಿಟ್ಟಕೋತ ಬಿಡು" ಅಂದರೆ ಒಮ್ಮೊಮ್ಮೆ ಕಿರುಬೆರಳು ಲೋಟದಿಂದ ಎದ್ದು ದೂರ ಸರಿಯುತ್ತದೆ. ಬೇರೆ ಯಾರಿಗೂ ಕಾಣದಷ್ಟು.

ಎಲ್ಲ ದಿನ ಒಂದೇ ತರ ಇರುವುದಿಲ್ಲ. ಚಳಿಗೆ ಬಿಗಿ. ಮಲಬದ್ಧತೆ ಆದರೆ ಬಿಗಿ. ಹೋದ ತಿಂಗಳು ಏಕಾಏಕಿ ಹೆಬ್ಬೆರಳೂ ಹೊರಗೆ ಬರದಷ್ಟು ಬಿಗಿದಾಗ, ವ್ಯಾಯಾಮ ಜಾಸ್ತಿ ಮಾಡಿಸಿ ಅಂದವರೇ ಎಲ್ಲ. ಪರೀಕ್ಷೆ ಮಾಡಿಸಿದರೆ ಮೂತ್ರದ ಸೋಂಕು. ಅದು ಗುಣವಾದ ಮೇಲೆ ಕೈಯೂ ತನ್ನ ಮೊದಲಿನ ಹದಕ್ಕೆ ಬಂತು. ಕೈ ಊದಿ ಮಿಂಚತೊಡಗಿದರೆ, ಬಿಸಿಯಾಗಿ ಮುಟ್ಟಗೊಡದಂತೆ ನೋಯತೊಡಗಿದರೆ ಹಿಗ್ಗಿಸುವುದನ್ನು ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು ಅಂತಲೂ ಹೇಳಿದ್ದಾಳೆ. ಮತ್ತೆ, ಮಂಚದಿಂದ ಎಬ್ಬಿಸುವಾಗ ಆ ಕೈ ಹಿಡಿದು ಜಗ್ಗಲೇಬಾರದು. ಬಲ ಕಳೆದುಕೊಂಡ ಭುಜದ ಕೀಲು ಸುಲಭಕ್ಕೆ ಜಾರುತ್ತದೆ. ಈ ಮಾತಿಗೂ ಮಾವನ ಮುಖ ಸಣ್ಣದಾಯಿತು, ಬಂದ ದಿನ ಎಬ್ಬಿಸಿದ್ದು ಅವನೇ.

ನಿಧಾನಕ್ಕೆ ಮಾಡಿದರೂ ನಡುವಿನ ಬೆರಳು ಅರ್ಧಕ್ಕೆ ಬಂದು ಒಂದೇ ಜಾಗದಲ್ಲಿ ಗೋಡೆಗೆ ತಾಗಿದಂತೆ ನಿಲ್ಲುತ್ತದೆ, ಎಷ್ಟು ಎಣಿಸಿದರೂ ಕದಲುವುದಿಲ್ಲ. ಅದು ಬರೀ ಬಿಗಿಯಲ್ಲ, ಸ್ನಾಯುವೇ ಗಿಡ್ಡಾಗಿರಬಹುದು ಅಂತ ಅವಳ ಅನುಮಾನ. ಬಿಗಿಯನ್ನು ಸಡಿಲಿಸುವ ಇಂಜೆಕ್ಷನ್ ಇದೆ, ಸುಮಾರು ಮೂರು ತಿಂಗಳು ಕೆಲಸ ಮಾಡುತ್ತದೆ, ಆದರೆ ಗಿಡ್ಡಾದದ್ದನ್ನು ಅದು ಉದ್ದ ಮಾಡುವುದಿಲ್ಲ. ಅವ್ವನದು ಎರಡರಲ್ಲಿ ಯಾವುದು, ಎಷ್ಟೆಷ್ಟು ಅಂತ ತೋರಿಸಲು ಬರುವ ಸೋಮವಾರ ನರರೋಗ ತಜ್ಞರ ಹತ್ತಿರ ಚೀಟಿ ಮಾಡಿಸಿದ್ದೇವೆ. ಮಾವ ತಾನೂ ಬರುತ್ತೇನೆ ಅಂದಿದ್ದಾನೆ. ಬರಲಿ, ಆಟೋದಿಂದ ಇಳಿಸುವಾಗ ಬಲಗಡೆ ನಿಲ್ಲಿಸುತ್ತೇನೆ.